ಕರೆದವರಿಗೆ ಬಹುಮಾನ ಯಾವಾಗ ಕೊಡಬೇಕು? ಸೋಲಾಪುರದ ಒಂದು ಬಡಾವಣೆ ಸೇವಾ ಆ್ಯಪ್‌ನ ಲೆಕ್ಕ

ಇವತ್ತು ಒಂದೇ ಒಂದು ವಿನ್ಯಾಸದ ಪ್ರಶ್ನೆ ಎತ್ತಿಕೊಳ್ತೇನೆ. ಸೋಲಾಪುರದ ಹೋಟಗಿ ರಸ್ತೆ, ಜುಳೆ ಸೋಲಾಪುರದ ಕಡೆ ಮನೆಗಳಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್ ಕಳಿಸುವ ಆ್ಯಪ್ ಮಾಡ್ತೀವಿ ಅಂತ ಇಟ್ಕೊಳ್ಳಿ. ಇಂಥ ಕೆಲಸದಲ್ಲಿ ಜಾಹೀರಾತಿಗಿಂತ "ನಮ್ಮ ಮನಿಗೆ ಬಂದಿದ್ದ, ಛಲೋ ಕೆಲಸ ಮಾಡ್ಯಾನ" ಅನ್ನೋ ಮಾತೇ ಹೆಚ್ಚು ನಡೀತದೆ. ಆ ಮಾತಿಗೆ ಆಮಂತ್ರಣದ ಕೋಡ್ ಜೋಡಿಸಿ, ಕರೆದವರಿಗೆ ₹50, ಬಂದವರಿಗೆ ₹50 ಕೊಡೋದು ಯೋಜನೆ. ಈ ನೂರು ರೂಪಾಯಿ ಯಾವಾಗ ಕೊಡಬೇಕು?

ನೋಂದಣಿ ಆದ ಕೂಡಲೇ ಕೊಡೋದು ಮೊದಲ ತಪ್ಪು. ಒಟಿಪಿ ಬಂತು ಅಂದ್ರೆ ಒಂದು ಸಿಮ್ ಇದೆ ಅಂತ ಮಾತ್ರ ಗೊತ್ತಾಗ್ತದೆ, ಒಬ್ಬ ಹೊಸ ಗ್ರಾಹಕ ಇದ್ದಾನೆ ಅಂತಲ್ಲ. ದೂರಸಂಪರ್ಕ ಇಲಾಖೆಯ ನಿಯಮದಂತೆ ಮಹಾರಾಷ್ಟ್ರದಲ್ಲಿ ಒಬ್ಬರ ಹೆಸರಲ್ಲಿ 9 ಸಂಪರ್ಕಗಳವರೆಗೆ ಇರಬಹುದು.

ಹಾಗಾದ್ರೆ ಮೊದಲ ಕೆಲಸ ಮುಗಿದ ಮೇಲೆ ಕೊಡೋಣ ಅನ್ನಿಸ್ತದೆ. ಲೆಕ್ಕ ಹಾಕಿ ನೋಡ್ರಿ. ಕೆಲಸದ ಬೆಲೆ ₹400, ನಮ್ಮ ಕಮಿಷನ್ ಶೇ 15, ಅಂದ್ರೆ ₹60. ಒಬ್ಬ ಗ್ರಾಹಕ ಮತ್ತು ಒಬ್ಬ ಕೆಲಸಗಾರ ಒಳಗೊಳಗೇ ಒಪ್ಪಿಕೊಂಡು ಹೊಸ ನಂಬರಿನಿಂದ ಸುಳ್ಳು ಕೆಲಸ ಬುಕ್ ಮಾಡ್ತಾರೆ. ಗ್ರಾಹಕ ಕೊಟ್ಟ ₹400ರಲ್ಲಿ ₹340 ಕೆಲಸಗಾರನ ಕೈಯಿಂದ ತಿರುಗಿ ಬರ್ತದೆ. ಅವರಿಗೆ ಆದ ಖರ್ಚು ₹60, ಸಿಕ್ಕ ಬಹುಮಾನ ₹100. ಪ್ರತಿ ಸುಳ್ಳು ನಂಬರಿಗೆ ₹40 ಲಾಭ. ನಗದು ಬದಲು ಆ್ಯಪ್‌ನೊಳಗಿನ ಕ್ರೆಡಿಟ್ ಕೊಟ್ಟರೂ ಇದು ನಿಲ್ಲೋದಿಲ್ಲ. ಆ ಕ್ರೆಡಿಟ್‌ನಿಂದ ಅದೇ ಗೆಳೆಯನನ್ನು ಬುಕ್ ಮಾಡಿದ್ರೆ ಬಹುಪಾಲು ನಗದಾಗಿಬಿಡ್ತದೆ.

"ಎರಡು ಕೆಲಸ ಆಗಲಿ" ಅಂತ ನಿಯಮ ಬಿಗಿ ಮಾಡಿದ್ರೆ? ಮೋಸಗಾರರು ಅತಿ ಸಣ್ಣ ಕೆಲಸ ಆರಿಸ್ಕೊಳ್ತಾರೆ. ನಲ್ಲಿಯ ವಾಷರ್ ಬದಲಿಸೋ ₹100ರ ಕೆಲಸ ಎರಡು ಸಲ ಅಂದ್ರೆ ಕಮಿಷನ್ ಬರೀ ₹30. ಲಾಭ ₹70ಕ್ಕೆ ಏರ್ತದೆ. ಅಂದ್ರೆ ನಾವು ಎಣಿಸಬೇಕಾದ್ದು ಕೆಲಸಗಳನ್ನಲ್ಲ, ಕೈಗೆ ಬಂದ ಕಮಿಷನ್ನನ್ನು. ಹೊಸ ಗ್ರಾಹಕನ ಕೆಲಸಗಳಿಂದ ₹120 ಕಮಿಷನ್ ನಿಜವಾಗಿ ಜಮೆ ಆಗಿ, ಹಣ ವಾಪಸ್ ಕೇಳುವ ಅವಧಿ ಮುಗಿದ ಮೇಲೇ ₹100 ಬಿಡುಗಡೆ. ಆಗ ಪ್ರತಿ ಸುಳ್ಳು ನಂಬರಿಗೆ ₹20 ನಷ್ಟ. ನಿಜವಾದ ಗ್ರಾಹಕ ಮಾತ್ರ ಎರಡು ಮಾಮೂಲಿ ಕೆಲಸಗಳಲ್ಲೇ ಆ ಗಡಿ ದಾಟ್ತಾನೆ.

ಈ ಲೆಕ್ಕ ಕೆಡೋದು ಹೆಚ್ಚಾಗಿ ಒಳಗಿನಿಂದಲೇ. ದೀಪಾವಳಿಗೆ ಮಾರಾಟ ವಿಭಾಗದವರು ಹೊಸಬರಿಗೆ ₹50ರ ಕೂಪನ್ ಬಿಟ್ಟರು ಅಂದ್ಕೊಳ್ಳಿ. ನಾವು ಕೊಡೋದು ₹150, ಬಂದದ್ದು ₹120. ಮುಚ್ಚಿದ್ದ ಬಾಗಿಲು ಮತ್ತೆ ತೆರೀತು. ಅದಕ್ಕೇ ಒಬ್ಬ ಹೊಸ ಗ್ರಾಹಕನಿಗಾಗಿ ಬಿಡುವ ಎಲ್ಲ ರಿಯಾಯಿತಿಯೂ ಒಂದೇ ಖಾತೆಯಲ್ಲಿ ಕೂಡಬೇಕು.

ಇನ್ನು ಮಿತಿ. ತಿಂಗಳಿಗೆ ಒಬ್ಬರಿಗೆ ಐದು ಬಹುಮಾನ ಸಾಕು. ಆದರೆ ಆಮಂತ್ರಣಕ್ಕೆ ಮಿತಿ ಬೇಡ, ಮಹಿಳಾ ಸಂಘದ ಒಬ್ಬ ಅಕ್ಕ ಪ್ರಾಮಾಣಿಕವಾಗಿಯೇ ಮೂವತ್ತು ಮನೆಗಳಿಗೆ ಹೇಳಬಹುದು.

ಒಬ್ಬ ವಿದ್ಯಾರ್ಥಿನಿ ಚಾಟ್‌ನಲ್ಲಿ ಕೇಳಿದ್ದಾರೆ: "ಸರ್, ಒಂದೇ ಫೋನು, ಒಂದೇ ಐಪಿ, ಒಂದೇ ವಿಳಾಸ ಇದ್ದವರನ್ನು ನೇರ ತಡೆದುಬಿಟ್ಟರೆ ಆಗೋದಿಲ್ವಾ?" ಬೇಡಮ್ಮ, ಅಲ್ಲೇ ಅನ್ಯಾಯ ಆಗೋದು. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಐಪಿ ವಿಳಾಸದ ಹಿಂದೆ ಇಟ್ಟಿರ್ತಾವೆ. ಚಾಳಿನಲ್ಲಿ ಅತ್ತೆ ಸೊಸೆ ಒಂದೇ ಫೋನ್ ಬಳಸ್ತಾರೆ. ವಿಳಾಸದ್ದು ಇನ್ನೊಂದು ತೊಡಕು: ಒಂದೇ ಮನೆಯ ವಿಳಾಸವನ್ನು ಅಜ್ಜ ಕನ್ನಡದಲ್ಲಿ, ಮಗ ಮರಾಠಿಯಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ ಬರೀತಾರೆ. ಅಕ್ಷರ ಹೋಲಿಸುವ ಪ್ರೋಗ್ರಾಮಿಗೆ ಅದು ಮೂರು ಮನೆ. ಅತ್ತ ಮೋಸ ತಪ್ಪಿಸ್ಕೊಳ್ತದೆ, ಇತ್ತ ಬಡ ಕುಟುಂಬ ಸಿಕ್ಕಿಬೀಳ್ತದೆ.

ಹೆಚ್ಚು ನಂಬಬಹುದಾದ ಗುರುತು ಬೇರೆ ಇದೆ. ಒಬ್ಬರು ಕರೆದ ಹೊಸಬರೆಲ್ಲ ಒಬ್ಬನೇ ಕೆಲಸಗಾರನನ್ನು ಬುಕ್ ಮಾಡಿ, ಕೆಲಸ ಶುರುವಾದ ಕೆಲವೇ ನಿಮಿಷಕ್ಕೆ ಮುಗೀತು ಅಂತ ಒತ್ತಿ, ಗಡಿ ದಾಟಿದ ಕೂಡಲೇ ಮಾಯ ಆಗ್ತಾರಾ ನೋಡಿ. ಅದೂ ಅನುಮಾನವೇ ಹೊರತು ತೀರ್ಪಲ್ಲ. ಒಳ್ಳೆ ಪ್ಲಂಬರ್‌ನನ್ನು ಇಡೀ ಓಣಿ ಕರೆಯೋದು ಸಹಜ. ಹಾಗಾಗಿ ತಡೆಯಬೇಕಾದ್ದು ಬಹುಮಾನವನ್ನು, ಖಾತೆಯನ್ನಲ್ಲ. ಒಬ್ಬ ಸಿಬ್ಬಂದಿ ಆ ಮನೆಗಳ ಪೈಕಿ ಎರಡಕ್ಕೆ, ಅವರ ಭಾಷೆಯಲ್ಲೇ, ಫೋನ್ ಮಾಡಿ ಏನು ಕೆಲಸ ಆಯ್ತು ಅಂತ ಕೇಳಲಿ. ಕೆಲಸಗಾರ ದುಡಿದ ಕೂಲಿಯನ್ನಂತೂ ಈ ವಿಚಾರಣೆಗಾಗಿ ಒಂದು ದಿನವೂ ಹಿಡಿಯಬಾರದು.