ಗೆರೆ ಏರಿತು, ಬೆಲೆ ಇಳಿಯಿತು

ಪತ್ರಿಕೆಯಲ್ಲಿ ಒಂದು ಅಂಕಣ ಕಾಣೆಯಾದದ್ದೇ ಈ ಲೆಕ್ಕದ ಹುಟ್ಟಿಗೆ ಕಾರಣ. ಅಮೆರಿಕದ ಲ್ಯಾರಿ ವಿಲಿಯಮ್ಸ್ ಷೇರಿನ ದಿನದ ಆರಂಭದ ಬೆಲೆಗೂ ಮುಕ್ತಾಯದ ಬೆಲೆಗೂ ಇರುವ ಅಂತರ ನೋಡಿ ಕೊಳ್ಳುವವರ ಕೈ ಮೇಲಾಗಿದೆಯೇ ಎಂದು ಅಳೆಯುತ್ತಿದ್ದರು. 1970ರ ದಶಕದಲ್ಲಿ ಅಲ್ಲಿನ ಪತ್ರಿಕೆಗಳು ಆರಂಭದ ಬೆಲೆ ಮುದ್ರಿಸುವುದನ್ನು ಬಿಟ್ಟವು. ಮಾರ್ಕ್ ಚೈಕಿನ್ ಅದರ ಜಾಗಕ್ಕೆ ದಿನದ ಗರಿಷ್ಠ, ಕನಿಷ್ಠ ಬೆಲೆಗಳ ನಡುಮಧ್ಯವನ್ನು ತಂದರು.

ಒಂದು ಷೇರು ದಿನದಲ್ಲಿ 110 ರೂಪಾಯಿವರೆಗೆ ಏರಿ, 100ಕ್ಕೆ ಇಳಿದು, 108ಕ್ಕೆ ಮುಗಿಯಿತು ಎನ್ನೋಣ. ಮುಕ್ತಾಯ ಕನಿಷ್ಠಕ್ಕಿಂತ 8 ರೂಪಾಯಿ ಮೇಲೆ, ಗರಿಷ್ಠಕ್ಕಿಂತ 2 ರೂಪಾಯಿ ಕೆಳಗೆ. 8ರಲ್ಲಿ 2 ಕಳೆದು, ಉಳಿದ 6ನ್ನು ದಿನದ ಹರವಾದ 10ರಿಂದ ಭಾಗಿಸಿದರೆ 0.6. ಅಂದು ಕೈಬದಲಾದ ಷೇರುಗಳು 1 ಲಕ್ಷವಾಗಿದ್ದರೆ ಲೆಕ್ಕಕ್ಕೆ ಸೇರುವುದು 60,000. ಮುಕ್ತಾಯ ನಡುಮಧ್ಯಕ್ಕಿಂತ ಕೆಳಗಿದ್ದರೆ ಸಂಖ್ಯೆ ಋಣವಾಗುತ್ತದೆ. ದಿನದಿನದ ಈ ಮೊತ್ತಗಳನ್ನು ಕೂಡುತ್ತ ಹೋದರೆ ಸಿಗುವುದೇ ಅಕ್ಯುಮುಲೇಷನ್ ಡಿಸ್ಟ್ರಿಬ್ಯೂಷನ್ ಗೆರೆ.

ಗೆರೆ ಎಲ್ಲಿಂದ ಶುರುವಾಯಿತೆಂಬುದರ ಮೇಲೆ ಅದರ ಎತ್ತರ ನಿಂತಿರುವುದರಿಂದ ಎತ್ತರಕ್ಕೆ ಅರ್ಥವಿಲ್ಲ. ದಿಕ್ಕಿಗೆ ಮಾತ್ರ ಇದೆ. ಅದಕ್ಕಾಗಿಯೇ ಎರಡು ಉಪಾಯಗಳು ಬಂದವು. ಚೈಕಿನ್ ಮನಿ ಫ್ಲೋ, ಸಾಮಾನ್ಯವಾಗಿ 20 ಅಥವಾ 21 ದಿನಗಳ ಮೊತ್ತವನ್ನು ಅಷ್ಟೇ ದಿನಗಳ ಒಟ್ಟು ವಹಿವಾಟಿನಿಂದ ಭಾಗಿಸುತ್ತದೆ. ಉತ್ತರ ಯಾವಾಗಲೂ −1 ಮತ್ತು +1ರ ನಡುವೆ. ಚೈಕಿನ್ ಆಸಿಲೇಟರ್ ಅದೇ ಗೆರೆಯ 3 ದಿನಗಳ ಎಕ್ಸ್‌ಪೊನೆನ್ಷಿಯಲ್ ಸರಾಸರಿಯಿಂದ 10 ದಿನಗಳದನ್ನು ಕಳೆಯುತ್ತದೆ. ಮೊದಲನೆಯದು ಒತ್ತಡ ಎಷ್ಟೆಂದು ಹೇಳಿದರೆ, ಎರಡನೆಯದು ಅದು ಚುರುಕಾಗುತ್ತಿದೆಯೋ ಸೋಲುತ್ತಿದೆಯೋ ಎಂದು ಸೂಚಿಸುತ್ತದೆ.

‘ಮನಿ ಫ್ಲೋ’ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಕೊಂಡ ಪ್ರತಿ ಷೇರನ್ನೂ ಯಾರೋ ಮಾರಿರುತ್ತಾರೆ. ಹಣ ಒಂದೇ ಕಡೆಗೆ ಹರಿಯುವುದಿಲ್ಲ. ಇಲ್ಲಿ ಅಳೆಯುವುದು ಮುಕ್ತಾಯದ ಬೆಲೆಯ ಜಾಗವನ್ನಷ್ಟೇ.

ಎಡವಟ್ಟು ಆಗುವುದೂ ಅಲ್ಲೇ. ಅದೇ ಷೇರು ಮರುದಿನ ಕೆಟ್ಟ ಸುದ್ದಿಯಿಂದ 96ಕ್ಕೆ ತೆರೆದು, 98 ಮತ್ತು 94ರ ನಡುವೆ ಆಡಿ, 97ಕ್ಕೆ ಮುಗಿಯಿತು; ವಹಿವಾಟು 2 ಲಕ್ಷ. ನಿನ್ನೆಗಿಂತ 11 ರೂಪಾಯಿ ಕಳೆದುಕೊಂಡವನಿಗೆ ಲೆಕ್ಕ ಹೇಳುವುದೇನು? 3ರಲ್ಲಿ 1 ಕಳೆದು 4ರಿಂದ ಭಾಗಿಸಿದರೆ 0.5, ಅಂದರೆ ಗೆರೆ ಇನ್ನೂ 1 ಲಕ್ಷ ಮೇಲೇರುತ್ತದೆ! ಸೂತ್ರಕ್ಕೆ ನಿನ್ನೆಯ ಬೆಲೆಯೇ ಗೊತ್ತಿಲ್ಲ. ಮನಿ ಫ್ಲೋ, ಆಸಿಲೇಟರ್ ಎರಡಕ್ಕೂ ಈ ಕುರುಡು ಬಳುವಳಿಯಾಗಿ ಬಂದಿದೆ.

ನಮ್ಮ ಪೇಟೆಯಲ್ಲಿ ಇನ್ನೊಂದು ತೊಡಕು: ಇಡೀ ದಿನ ಅಪ್ಪರ್ ಸರ್ಕ್ಯೂಟ್‌ನಲ್ಲೇ ಸಿಕ್ಕಿಬಿದ್ದ ಷೇರಿಗೆ ಗರಿಷ್ಠ, ಕನಿಷ್ಠ ಎರಡೂ ಒಂದೇ. ಸೊನ್ನೆಯಿಂದ ಭಾಗಿಸಲಾಗದು, ಆ ದಿನವನ್ನು ಸೊನ್ನೆಯೆಂದೇ ಹಿಡಿದರೆ, ಕೊಳ್ಳಲು ಸರತಿ ನಿಂತಿದ್ದರೂ ಗೆರೆ ಮಿಸುಕುವುದಿಲ್ಲ. ಹಾಗಾಗಿ ಮನಿ ಫ್ಲೋ ಹಸಿರಾಗಿ, ಬೆಲೆ ಕುಸಿಯುತ್ತಿರುವುದು ಕಂಡರೆ, ಮೊದಲು ಹುಡುಕಬೇಕಾದ್ದು ಬೆಲೆಯ ಚಾರ್ಟ್‌ನಲ್ಲಿ ಎರಡು ದಿನಗಳ ನಡುವಿನ ಖಾಲಿ ಜಾಗವನ್ನು.