‘ಸೀರೆ ಬಂದೇ ಇಲ್ಲ’ ಎಂದಾಗ

ಇಳಕಲ್ಲಿನ ವ್ಯಾಪಾರಿಯೊಬ್ಬರು ತಮ್ಮ ವೆಬ್‌ಸೈಟಿನಲ್ಲಿ ಬೆಂಗಳೂರಿನ ಗ್ರಾಹಕರಿಗೆ 18,500 ರೂಪಾಯಿಗೆ ಎರಡು ಸೀರೆ ಮಾರಿದರು ಎಂದಿಟ್ಟುಕೊಳ್ಳಿ. ಹಣ ವೀಸಾ ಕಾರ್ಡಿನಿಂದ ಬಂತು, ಸೀರೆ ಕೊರಿಯರ್‌ನಲ್ಲಿ ಹೋಯಿತು. ತಿಂಗಳ ಮೇಲೆ ಪೇಮೆಂಟ್ ಗೇಟ್‌ವೇ ಕಂಪನಿಯಿಂದ ಮೇಲ್ ಬರುತ್ತದೆ: ಗ್ರಾಹಕರು ಬ್ಯಾಂಕಿಗೆ ದೂರಿದ್ದಾರೆ, ನಿಮ್ಮ ಹಣ ತಡೆಹಿಡಿದಿದ್ದೇವೆ, ಇಂಥ ತಾರೀಖಿನೊಳಗೆ ದಾಖಲೆ ಕಳಿಸಿ. ಇದೇ ಚಾರ್ಜ್‌ಬ್ಯಾಕ್. ಸುಮ್ಮನಿದ್ದರೆ ಹಣ ಹೋದಂತೆಯೇ.

ಸಿಟ್ಟಿನಲ್ಲಿ ಉತ್ತರ ಬರೆಯುವ ಮುಂಚೆ ಆ ಮೇಲ್‌ನಲ್ಲಿರುವ ಕಾರಣದ ಸಂಖ್ಯೆ ನೋಡಬೇಕು. ವೀಸಾದಲ್ಲಿ 10.4 ಎಂದರೆ ‘ಆನ್‌ಲೈನ್‌ನಲ್ಲಿ ಈ ಪಾವತಿ ಮಾಡಿದ್ದು ನಾನಲ್ಲ’, 13.1 ಎಂದರೆ ‘ಸರಕು ತಲುಪಿಲ್ಲ’. ನಮ್ಮ ವ್ಯಾಪಾರಿಗೆ ಬಂದಿರುವುದು 13.1. ಬಹಳ ಮಂದಿ ಎಡವುವುದು ಇಲ್ಲೇ. ಗ್ರಾಹಕರು ಒಟಿಪಿ ಹಾಕಿದ್ದಕ್ಕೆ ಪುರಾವೆ ಇದೆಯಲ್ಲ ಎಂದು ಅದನ್ನೇ ಮೊದಲು ಲಗತ್ತಿಸುತ್ತಾರೆ. 10.4ಕ್ಕೆ ಅದು ಗಟ್ಟಿ ಉತ್ತರ. ಆದರೆ ಹಣ ಕೊಟ್ಟಿಲ್ಲವೆಂದು ಈ ಗ್ರಾಹಕರು ಹೇಳುತ್ತಲೇ ಇಲ್ಲ!

ಹಾಗಾಗಿ ಪತ್ರದ ಮೊದಲ ಸಾಲೇ ನೇರವಾಗಿರಲಿ: ‘ಆರ್ಡರಿನಲ್ಲಿ ಕೊಟ್ಟ ವಿಳಾಸಕ್ಕೆ ಮಾರ್ಚ್ 9ರಂದು ಸರಕು ತಲುಪಿದೆ, ಪುರಾವೆ ಪುಟ 3ರಲ್ಲಿದೆ.’ ಕೆಳಗೆ ಆರ್ಡರ್ ಸಂಖ್ಯೆ, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ. ಆಮೇಲೆ ಆರ್ಡರ್, ರವಾನೆ, ಡೆಲಿವರಿ, ಗ್ರಾಹಕರ ಮಾತುಕತೆ ತಾರೀಖಿನ ಪ್ರಕಾರ ಬರಲಿ, ಪ್ರತಿಯೊಂದಕ್ಕೂ ಪುಟಸಂಖ್ಯೆ ಇರಲಿ. ಲಿಂಕ್ ಕಳಿಸಿದರೆ ಯಾರೂ ತೆರೆದು ನೋಡುವುದಿಲ್ಲ ಎಂದೇ ತಿಳಿದು, ಎಲ್ಲವನ್ನೂ ಚಿತ್ರವಾಗಿ ಒಂದೇ ಪಿಡಿಎಫ್‌ಗೆ ಸೇರಿಸುವುದು ಕ್ಷೇಮ.

ಗಡಿಯಾರದ ತಂಟೆಯೂ ಒಂದಿದೆ. ಗೇಟ್‌ವೇ ದಾಖಲೆ ಯುಟಿಸಿ ಸಮಯದಲ್ಲಿದ್ದರೆ ಮಾರ್ಚ್ 3ರ ರಾತ್ರಿ 8:10 ಎಂದಿರುವುದು ನಮ್ಮಲ್ಲಿ ಮಾರ್ಚ್ 4ರ ನಸುಕಿನ 1:40. ಬಿಲ್ಲಿನಲ್ಲಿ 4, ಗೇಟ್‌ವೇಯಲ್ಲಿ 3 ಎಂದು ಕಂಡರೆ ಓದುವವರಿಗೆ ಇವು ಎರಡು ಬೇರೆ ವ್ಯವಹಾರ ಅನಿಸಬಹುದು. ಎಲ್ಲವನ್ನೂ ಭಾರತೀಯ ಸಮಯಕ್ಕೆ ತಂದು, ಹಾಗೆ ಮಾಡಿದ್ದೇವೆಂದು ಒಂದು ಸಾಲು ಬರೆದರೆ ಸಾಕು.

ಇಡೀ ಕಡತದ ಜೀವ ಡೆಲಿವರಿಯ ಪುರಾವೆ. ಟ್ರ್ಯಾಕಿಂಗ್ ಪುಟದಲ್ಲಿ ‘ಡೆಲಿವರ್ಡ್, ಬೆಂಗಳೂರು’ ಎಂದಷ್ಟೇ ಇದ್ದರೆ ಅದು ಯಾರ ಮನೆಗೆ ಹೋಯಿತೆಂದು ಹೇಳುವುದಿಲ್ಲ. ಪೂರ್ತಿ ವಿಳಾಸ, ಪಡೆದವರ ಹೆಸರು, ಸಹಿ ಇರುವ ಪ್ರತಿಯನ್ನು ಕೊರಿಯರ್‌ನವರಿಂದ ಕೇಳಿ ಪಡೆಯಬೇಕು. ತಡಮಾಡಿದರೆ ಅವರಲ್ಲೂ ಸಿಗದೆ ಹೋಗಬಹುದು. ‘ಒಂದು ಸೀರೆಯ ಬಣ್ಣ ಸ್ವಲ್ಪ ಗಾಢವಾಯ್ತು’ ಎಂದು ಗ್ರಾಹಕರು ವಾಟ್ಸ್ಯಾಪಿನಲ್ಲಿ ಬರೆದಿದ್ದರಂತೂ ಸಹಿಗಿಂತ ದೊಡ್ಡ ಸಾಕ್ಷಿ: ಬಾರದ ಸೀರೆಯ ಬಣ್ಣ ಕಾಣುವುದು ಹೇಗೆ? ತಾರೀಖು, ಫೋನ್ ನಂಬರ್ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಗ್ರಾಹಕರ ನಡತೆಯ ಬಗ್ಗೆ ಟೀಕೆ ಮಾತ್ರ ಬೇಡ.

ಪುರಾವೆಯ ಜಾಗದಲ್ಲಿ ಓದಲಾಗದ ಗೀಚು ಮಾತ್ರ ಇದ್ದರೆ? ಮೊದಲ ಸುತ್ತಿನ ಉತ್ತರ ಕೊಟ್ಟು ನೋಡಬಹುದು. ಅಲ್ಲಿ ಸೋತು ವೀಸಾದ ಪಂಚಾಯಿತಿಯವರೆಗೆ ಎಳೆದರೆ ಸೋತವರ ಮೇಲೆ ಬೀಳುವ ಶುಲ್ಕವೇ ನೂರಾರು ಡಾಲರ್. ಎರಡು ಸೀರೆಯ ಬೆಲೆಗೆ ಅಷ್ಟು ದೂರ ಹೋಗದಿರುವುದೇ ಲೆಕ್ಕಾಚಾರ.