ನಾಲ್ಕು ಧ್ವನಿಗೆ ಒಂದು ಹಾಳೆ

‘ಸೈಲೆಂಟ್ ನೈಟ್’ ಎಲ್ಲರಿಗೂ ಗೊತ್ತಿರುವ ಕ್ರಿಸ್ಮಸ್ ಹಾಡು. ಕೇಳಲು ಸರಳ, ಹಾಡಲು ಅಷ್ಟಲ್ಲ. ಅದರ ಧಾಟಿ, ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಮಧ್ಯ ಷಡ್ಜದಿಂದ ತಾರಸ್ಥಾಯಿಯ ಮಧ್ಯಮದವರೆಗೂ ಓಡಾಡುತ್ತದೆ. ‘ಸಿ’ ಶ್ರುತಿಯಲ್ಲಿ ಅಭ್ಯಾಸ ಶುರು ಮಾಡಿದ ಹವ್ಯಾಸಿ ಕ್ವಯರ್‌ನಲ್ಲಿ ಮೇಲಿನ ಧ್ವನಿಯ ಸೊಪ್ರಾನೊ ಹೆಂಗಸರು ಆ ಎತ್ತರದ ಸ್ವರ ಬಂದಾಗ ಚೀರುವುದು ಸಾಮಾನ್ಯ. ಆಗ ನಿರ್ದೇಶಕರು ಎರಡು ಸ್ವರಸ್ಥಾನ ಕೆಳಗಿಳಿಸಿ ‘ಬಿ ಫ್ಲ್ಯಾಟ್’ಗೆ ಬರುತ್ತಾರೆ. ಹಾಡು ಇಳಿಯಿತು, ಹಂಚಿದ ಹಾಳೆಗಳ ಗತಿ?

ಐದು ಗೆರೆಯ ಸ್ಟಾಫ್ ನೊಟೇಷನ್‌ನಲ್ಲಿ ಕೈಯಿಂದ ಬರೆದ ಹಾಳೆಯಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಮೂರು ಎಣಿಕೆಯ ತಾಳದಲ್ಲಿ ಬರೆದರೆ ಹಾಡಿಗೆ 24 ಬಾರ್. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗೆ 96. ಒಂದು ಬಾರ್ ಬಿಟ್ಟುಹೋದರೂ ಬರೆದವರ ಕಣ್ಣಿಗೆ ಬೀಳುವುದಿಲ್ಲ. ಅಭ್ಯಾಸದಲ್ಲಿ ಟೆನರ್‌ಗಳು ಉಳಿದವರಿಗಿಂತ ಮೊದಲೇ ಹಾಡು ಮುಗಿಸಿದಾಗ ಗೊತ್ತಾಗುತ್ತದೆ. ಉಚಿತವಾಗಿ ಸಿಗುವ ಮ್ಯೂಸ್‌ಸ್ಕೋರ್‌ನಂಥ ತಂತ್ರಾಂಶದಲ್ಲಿ ಇದೇ ಕೆಲಸ ಅರೆನಿಮಿಷದ್ದು. ಎಲ್ಲವನ್ನೂ ಆಯ್ದು ಟ್ರಾನ್ಸ್‌ಪೋಸ್ ಆಜ್ಞೆ ಕೊಟ್ಟರೆ ನಾಲ್ಕೂ ಧ್ವನಿ ಒಟ್ಟಿಗೆ ಇಳಿಯುತ್ತವೆ.

ಆದರೆ ಸೊಪ್ರಾನೊಗೆ ಸಿಕ್ಕ ಸುಖಕ್ಕೆ ಬಾಸ್ ಗಂಡಸರು ಬೆಲೆ ತೆರಬೇಕಾಗುತ್ತದೆ. ಅವರ ಕೆಳಗಿನ ‘ಜಿ’ ಈಗ ‘ಎಫ್’ ಆಗಿ, ಹವ್ಯಾಸಿ ಕಂಠಗಳಲ್ಲಿ ಬರೀ ಗಾಳಿಯಾಗಿ ಹೊರಬರುತ್ತದೆ. ಧ್ವನಿಯ ವ್ಯಾಪ್ತಿ ಮೀರಿದ ಸ್ವರಗಳನ್ನು ಮ್ಯೂಸ್‌ಸ್ಕೋರ್ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಅಷ್ಟು ನೋಡಿಕೊಂಡು ಆ ಸ್ವರವನ್ನು ಒಂದು ಸ್ಥಾಯಿ ಮೇಲೆತ್ತುವ ತೀರ್ಮಾನವನ್ನು ಮಾತ್ರ ನಿರ್ದೇಶಕರೇ ಮಾಡಬೇಕು.

ತಂತ್ರಾಂಶದ ಪರ ವಾದ ಇಲ್ಲಿಗೇ ಮುಗಿಯಿತು ಎನ್ನುವಾಗ ಟಾನಿಕ್ ಸೋಲ್ಫಾ ಅಡ್ಡ ಬರುತ್ತದೆ. ಇಂಗ್ಲೆಂಡಿನ ಸಾರಾ ಗ್ಲೋವರ್ ರೂಪಿಸಿದ ಕ್ರಮವನ್ನು 19ನೇ ಶತಮಾನದಲ್ಲಿ ಜಾನ್ ಕರ್ವೆನ್ ತಿದ್ದಿ ಹರಡಿದ ಪದ್ಧತಿ ಇದು. ಮಿಜೋರಾಂ ಚರ್ಚುಗಳಲ್ಲಿ ಇಂದಿಗೂ ಇದೇ ಬಳಕೆಯಲ್ಲಿದೆ. ಇದರಲ್ಲಿ ಗೆರೆಗಳಿಲ್ಲ, ಅಕ್ಷರಗಳಷ್ಟೇ:

```
| d :- .r :m | s :- :- |
```

‘ಡಿ’ ಎಂದರೆ ಡೊ, ‘ಆರ್’ ಎಂದರೆ ರೆ. ಕೋಲನ್ ಒಂದೊಂದು ಎಣಿಕೆಯನ್ನು ಬೇರ್ಪಡಿಸುತ್ತದೆ, ಅಡ್ಡಗೆರೆ ಸ್ವರವನ್ನು ಎಳೆಯಲು ಹೇಳುತ್ತದೆ, ಚುಕ್ಕೆ ಅರ್ಧ ಎಣಿಕೆಯ ಗುರುತು. ಡೊ ಎಲ್ಲಿದೆ ಎಂಬುದು ಹಾಳೆಯ ನೆತ್ತಿಯಲ್ಲಿ ಒಂದೇ ಸಾಲಿನಲ್ಲಿರುತ್ತದೆ. ತಂಬೂರಿಯ ಶ್ರುತಿ ಬದಲಾದರೂ ಸ ಸ ಆಗಿಯೇ ಇರುವಂತೆ, ಇಲ್ಲಿ ‘ಸಿ’ ಹೊಡೆದು ‘ಬಿ ಫ್ಲ್ಯಾಟ್’ ಎಂದು ಪೆನ್ಸಿಲಿನಲ್ಲಿ ಬರೆದರೆ ಮುಗಿಯಿತು. ಜೊತೆಗೆ, ಹೆಸರಾಂತ ತಂತ್ರಾಂಶಗಳೆಲ್ಲ ಸ್ಟಾಫ್ ನೊಟೇಷನ್‌ಗಾಗಿಯೇ ರೂಪುಗೊಂಡವು. ಸೋಲ್ಫಾ ಓದುವ ಗುಂಪಿಗೆ ಕೈಬರಹವೇ ಮೇಲು. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಇನ್ನು ಕನ್ನಡ ಸಾಹಿತ್ಯ. ಹಾಡಿನ ಪದವನ್ನು ಸ್ವರದ ಕೆಳಗೆ ತುಂಡು ತುಂಡಾಗಿ ಕೂರಿಸಬೇಕು. ಮ್ಯೂಸ್‌ಸ್ಕೋರ್‌ನಲ್ಲಿ Ctrl+L ಒತ್ತಿ ಬರೆಯತೊಡಗಿದರೆ, ಸ್ಪೇಸ್ ಮುಂದಿನ ಪದಕ್ಕೂ ಹೈಫನ್ ಅದೇ ಪದದ ಮುಂದಿನ ತುಂಡಿಗೂ ಒಯ್ಯುತ್ತದೆ. ‘ಸ್ತೋತ್ರ’ ಎಂಬುದನ್ನು ‘ಸ್ತೋ-ತ್ರ’ ಎಂದು ಒಡೆದರೆ ಎಳೆಯುವ ಸ್ವರ ಓಕಾರದ ಮೇಲೆ ನಿಲ್ಲುತ್ತದೆ, ಸರಿ. ‘ಅಮ್ಮ’ವನ್ನು ‘ಅ-ಮ್ಮ’ ಎಂದು ಬರೆದಾಗ ಮಾತ್ರ ಅರ್ಧ ಗುಂಪು ಅಕಾರವನ್ನು ಎಳೆದರೆ ಇನ್ನರ್ಧ ಮಕಾರದಲ್ಲೇ ಬಾಯಿ ಮುಚ್ಚಿಕೊಳ್ಳುತ್ತದೆ. ತುಟಿ ಯಾವಾಗ ಮುಚ್ಚಬೇಕೆಂದು ಹೇಳುವ ಗುಂಡಿ ಯಾವ ತಂತ್ರಾಂಶದಲ್ಲೂ ಇಲ್ಲ. ಅದಕ್ಕೆ ಪೆನ್ಸಿಲ್ಲೇ ಗತಿ.

ಹಂಚುವಾಗ ನಡೆಯುವ ಎಡವಟ್ಟು ಬೇರೆಯೇ. ಕೈಬರಹದ ಹಾಳೆಯ ಫೋಟೊವನ್ನು ವಾಟ್ಸಾಪಿನಲ್ಲಿ ಫೋಟೊವಾಗಿಯೇ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಸ್ವರದ ಪಕ್ಕದ ಚುಕ್ಕೆ ಮಾಯವಾಗಿ ಒಂದೂವರೆ ಎಣಿಕೆ ಒಂದಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ತೊಂದರೆ ಇಲ್ಲ. ನೊಟೇಷನ್ ಓದಲು ಬಾರದವರಿಗೆ ತಂತ್ರಾಂಶದಿಂದ ಇನ್ನೊಂದು ಉಪಕಾರವುಂಟು: ಆಲ್ಟೊ ಧ್ವನಿಯನ್ನು ಜೋರಾಗಿಸಿ, ಉಳಿದ ಮೂರನ್ನು ತಗ್ಗಿಸಿ, ಆಡಿಯೊ ಮಾಡಿ ಕೊಡಬಹುದು. ಬಸ್ಸಿನಲ್ಲಿ ಕೇಳುತ್ತಲೇ ಕಲಿಯುತ್ತಾರೆ. ಆದರೆ ಹಾಳೆಯಲ್ಲಿ ಅವರ ಧ್ವನಿಯೊಂದನ್ನೇ ಕೊಡಬೇಡಿ. ನಾಲ್ಕೂ ಧ್ವನಿ ಕಣ್ಣೆದುರಿಗಿದ್ದರೆ, ತಾವು ಎತ್ತಿಕೊಳ್ಳಬೇಕಾದ ಸ್ವರ ಆಗಷ್ಟೇ ಸೊಪ್ರಾನೊ ಬಾಯಲ್ಲಿತ್ತು ಎಂಬುದು ಟೆನರ್‌ಗಳಿಗೆ ಕಾಣುತ್ತದೆ.

ತಂತ್ರಾಂಶಕ್ಕೂ ಆಯುಷ್ಯವಿದೆ. ದಶಕಗಳ ಕಾಲ ಹೆಸರು ಮಾಡಿದ್ದ ‘ಫಿನಾಲೆ’ಯನ್ನು ಮುಂದುವರಿಸುವುದಿಲ್ಲವೆಂದು ಅದರ ಕಂಪನಿ 2024ರ ಆಗಸ್ಟ್‌ನಲ್ಲಿ ಘೋಷಿಸಿತು. ಅತ್ತ 1818ರಲ್ಲಿ ಮೊದಲು ಹಾಡಿದ ‘ಸೈಲೆಂಟ್ ನೈಟ್’ನ ಸಾಹಿತ್ಯ ಬರೆದ ಜೋಸೆಫ್ ಮೋರ್ ಅವರ ಕೈಬರಹದ ಹಾಳೆಯೊಂದು 1995ರಲ್ಲಿ ಪತ್ತೆಯಾಯಿತು, ರಾಗ ಫ್ರಾನ್ಸ್ ಗ್ರೂಬರ್ ಅವರದೆಂಬುದಕ್ಕೆ ಅದರಲ್ಲೇ ಸಾಕ್ಷ್ಯವಿತ್ತು. ಕಂಪ್ಯೂಟರಿನಲ್ಲಿ ಬರೆಯುವವರು ಮೂಲ ಕಡತದ ಜೊತೆಗೆ ಮ್ಯೂಸಿಕ್‌ಎಕ್ಸ್‌ಎಂಎಲ್ ಮತ್ತು ಪಿಡಿಎಫ್ ಪ್ರತಿಗಳನ್ನೂ ಉಳಿಸಿಕೊಳ್ಳಿ. ಹಾಳೆ ಯಾವ ಬಗೆಯದಾದರೂ ಮೂಲೆಯಲ್ಲಿ ತಾರೀಖು ಹಾಕಿ, ಹೊಸದನ್ನು ಕೊಡುವಾಗ ಹಳೆಯದನ್ನು ವಾಪಸ್ ಪಡೆಯಿರಿ.